ಪಲ್ಲವಿ ಆಡುಮಾತಲ್ಲಿದೆ, ಚರಣ ಗ್ರಾಂಥಿಕವಾಗಿದೆ: ಮಾತ್ರೆ ಸರಿಯಿದ್ದರೂ ಹಾಡು ಯಾಕೆ ಒಡೆದು ಕೇಳುತ್ತೆ?

ಹೊಸಪಲ್ಲವಿ

ಎಲ್ಲರಿಗೂ ನಮಸ್ಕಾರ. ಒಂದು ಕಿರುಚಿತ್ರಕ್ಕೆ ಹಾಡು ಬರೀತಿದ್ದೀನಿ. ಮಂಡ್ಯ ಕಡೆಯ ಹಳ್ಳಿಯ ತಾಯಿ, ಬೆಂಗಳೂರಲ್ಲಿ ಕೆಲಸಕ್ಕಿರೋ ಮಗ ಹಬ್ಬಕ್ಕೆ ಬರ್ತಾನೆ ಅಂತ ಕಾಯ್ತಾ ಇದ್ದಾಳೆ. ಟ್ಯೂನ್ ಮೊದಲೇ ಬಂದಿದೆ. ಐದೈದು ಮಾತ್ರೆಯ ನಡೆ, ಸಾಲಿನ ಕೊನೆಗೆ ಮೂರು ಮಾತ್ರೆ, ಆಮೇಲೆ ಎಳೆತ. ಚರಣದ ಮೊದಲ ಎರಡು ಸಾಲಿಗೂ ಪಲ್ಲವಿಯದೇ ಟ್ಯೂನ್. ಅಂತ್ಯಪ್ರಾಸ ಬೇಡ ಅಂತ ಸಂಗೀತ ನಿರ್ದೇಶಕರೇ ಹೇಳಿದ್ದಾರೆ.

ಪಲ್ಲವಿ:
ಹಬ್ಬಕ್ಕೆ ಬರ್ತೀನಿ ಅಂದಿದ್ದೆ ನೀನು
ಹೊಸಿಲಲ್ಲಿ ನಿಂತೀನಿ ದೀಪಾನ ಹಚ್ಚಿ

ಚರಣ:
ಕಾರ್ಮೋಡ ಕವಿಯುತಿದೆ ಬಾನಿನಂಗಳದಿ
ನೀನಿರದ ಮನೆಯಲ್ಲಿ ಮೌನವೇ ಸಖನು

ನಾಲ್ಕೂ ಸಾಲು 5, 5, 5, 3 ಬರುತ್ತೆ, ಹತ್ತು ಸಲ ಎಣಿಸಿದ್ದೀನಿ. ಆದರೂ ಚರಣ ಬಂದ ತಕ್ಷಣ ಬೇರೆ ಯಾರೋ ಹಾಡಿದ ಹಾಗಿದೆ ಅಂತ ನಿರ್ದೇಶಕರು, ನಾಲಿಗೆ ಓಡ್ತಿಲ್ಲ ಅಂತ ಹಾಡುವವರು. ಇಡೀ ಹಾಡನ್ನ ಆಡುಮಾತಿಗೆ ತರಲಾ, ಇಲ್ಲಾ ಪಲ್ಲವಿಯನ್ನೇ ಗ್ರಾಂಥಿಕಕ್ಕೆ ಏರಿಸಲಾ?

ಕೀಬೋರ್ಡ್ ಕಟ್ಟೆ

ಸಿಂಪಲ್ ಆಗಿ ಹೇಳ್ತೀನಿ ಬ್ರೋ. ಆಡುಮಾತಲ್ಲಿ ಪದ ಚಿಕ್ಕದಾಗುತ್ತೆ, ಮಾತ್ರೆ ಕಡಿಮೆ ಆಗುತ್ತೆ. ಬರುತ್ತೇನೆ 6, ಬರ್ತೀನಿ 5. ಮಾಡುತ್ತೇನೆ 7, ಮಾಡ್ತೀನಿ 5. ಹಾಗಾಗಿ ಫಾಸ್ಟ್ ಹಾಡಿಗೆ ಆಡುಮಾತು, ನಿಧಾನದ ಹಾಡಿಗೆ ಗ್ರಾಂಥಿಕ. ನಿಮ್ಮದು ಕಾಯೋ ಹಾಡು, ಸ್ಲೋ ಟೆಂಪೋ ಇರಬೇಕು. ಪಲ್ಲವಿಯನ್ನ ಗ್ರಾಂಥಿಕ ಮಾಡಿ, ಎರಡೂ ಒಂದಕ್ಕೊಂದು ಹೊಂದುತ್ತೆ.

ಅಚ್ಚನುಡಿ

ನಿಮ್ಮ ತೊಂದರೆ ಇರುವುದು ಸಂಸ್ಕೃತ ಪದಗಳಲ್ಲಿ. ಮೌನ, ಸಖ ಇವನ್ನು ತೆಗೆದು ಕನ್ನಡದ್ದೇ ಪದ ಹಾಕಿ. ‘ಬಾನು’ ಒಳ್ಳೆಯ ಕನ್ನಡ ಪದ, ಅದು ಇರಲಿ. ಉಳಿದದ್ದನ್ನೂ ಅದರಂತೆ ತಿದ್ದಿದರೆ ಹಳ್ಳಿಯ ತಾಯಿಯ ಮಾತು ತಾನಾಗಿ ಬರುತ್ತದೆ.

ಲಘುಗುರು

ಹೊಸಪಲ್ಲವಿ ಅವರೇ, ನಿಮ್ಮ ಎಣಿಕೆ ಸರಿಯಿದೆ. ಅದಕ್ಕೇ ಈ ಉದಾಹರಣೆ ಒಳ್ಳೆಯದು, ಮಾತ್ರೆಯ ತಪ್ಪನ್ನು ಪಕ್ಕಕ್ಕಿಟ್ಟು ಬೇರೆಯದನ್ನು ನೋಡಬಹುದು. ಇಲ್ಲಿ ಎರಡು ತೊಂದರೆ ಇವೆ. ನಿರ್ದೇಶಕರು ಹೇಳಿದ್ದು ಒಂದು, ಹಾಡುವವರು ಹೇಳಿದ್ದು ಇನ್ನೊಂದು.

ಹಾಡುವವರದ್ದು ಮೊದಲು. ‘ಬರ್ತೀನಿ’ 5 ಮಾತ್ರೆ, ‘ಕವಿಯುತಿದೆ’ 5 ಮಾತ್ರೆ. ಆದರೆ ಬರ್ತೀನಿಯಲ್ಲಿ ಮೂರೇ ಅಕ್ಷರ, ಎರಡು ಗುರು ಒಂದು ಲಘು. ಕವಿಯುತಿದೆಯಲ್ಲಿ ಐದು ಅಕ್ಷರ, ಐದೂ ಲಘು. ಟ್ಯೂನ್ ಮಾಡಿದವರು ಪಲ್ಲವಿ ಕೇಳಿ ಆ ಜಾಗಕ್ಕೆ ಎರಡು ಉದ್ದ ಸ್ವರ, ಒಂದು ಗಿಡ್ಡ ಸ್ವರ ಇಟ್ಟಿರುತ್ತಾರೆ. ಅದೇ ಜಾಗದಲ್ಲಿ ಐದು ಅಕ್ಷರ ತುರುಕಿದರೆ ನಾಲಿಗೆ ಓಡಲೇಬೇಕು. ಪಲ್ಲವಿಯ ಮೊದಲ ಸಾಲಿನಲ್ಲಿ ಒಟ್ಟು 11 ಅಕ್ಷರ, ಚರಣದ ಮೊದಲ ಸಾಲಿನಲ್ಲಿ 14. ಓದುವ ಪದ್ಯಕ್ಕೆ ಮಾತ್ರೆ ಎಣಿಸಿದರೆ ಸಾಕು. ಟ್ಯೂನ್ ಮೊದಲು ಬಂದಿದ್ದರೆ ಅಕ್ಷರವನ್ನೂ ಎಣಿಸಬೇಕು, ಯಾವ ಬಡಿತದ ಮೇಲೆ ಗುರು ಕೂತಿದೆ ಅಂತಲೂ ನೋಡಬೇಕು.

ಇದರಿಂದ ಕೀಬೋರ್ಡ್ ಕಟ್ಟೆಯವರ ಸೂತ್ರ ತಲೆಕೆಳಗಾಗುತ್ತದೆ. ಅವರ ಲೆಕ್ಕ ತಪ್ಪಲ್ಲ, ತೀರ್ಮಾನ ಹೊಂದುವುದಿಲ್ಲ. ಆಡುಮಾತಿನಲ್ಲಿ ನಡುವಿನ ಸ್ವರ ಬಿದ್ದು ಒತ್ತಕ್ಷರ ಹುಟ್ಟುತ್ತದೆ, ಒತ್ತಕ್ಷರದ ಹಿಂದಿನ ಲಘು ಗುರುವಾಗುತ್ತದೆ. ಹೀಗೆ ಅಕ್ಷರ ಕಡಿಮೆಯಾಗಿ ಗುರು ಹೆಚ್ಚಾಗುವುದರಿಂದ ನಿಧಾನದ ಹಾಡಿಗೆ ಆಡುಮಾತು ಚೆನ್ನಾಗಿಯೇ ಕೂರುತ್ತದೆ. ಲಘುಗಳ ಸಾಲಿರುವ ‘ಕವಿಯುತಿದೆ’, ‘ನಲಿಯುತಿದೆ’ ತರಹದವೇ ಓಡುವ ಟ್ಯೂನಿಗೆ ಸಲೀಸು.

ಸ್ವರ ಬಿದ್ದಾಗ ಮಾತ್ರೆ ಯಾವಾಗ ಉಳಿಯುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ಬಿದ್ದ ಸ್ವರದ ಹಿಂದಿನ ಅಕ್ಷರ ಲಘುವಾಗಿದ್ದರೆ ಲೆಕ್ಕ ಸಮ: ಹೇಳಿದರೆ 5, ಹೇಳಿದ್ರೆ ಕೂಡ 5, ಯಾಕೆಂದರೆ ‘ಳಿ’ ಗುರುವಾಗಿ ನಷ್ಟ ತುಂಬಿಕೊಟ್ಟಿತು. ಹಿಂದಿನದು ಮೊದಲೇ ಗುರುವಾಗಿದ್ದರೆ ತುಂಬಿಕೊಡುವವರಿಲ್ಲ: ಬಂದರೆ 4, ಬಂದ್ರೆ 3. ಹೋದರೆ 4, ಹೋದ್ರೆ 3. ಬರೆದಿಟ್ಟ ಸಾಲನ್ನು ಆಡುಮಾತಿಗೆ ತಿರುಗಿಸುವಾಗ ತಾಳ ತಪ್ಪುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಪದಗಳಲ್ಲಿ. ಬರುವ/ಬರೋ, ಹೋಗುವ/ಹೋಗೋ ಇಂಥವುಗಳಲ್ಲಿ ಭಯವಿಲ್ಲ, ಎರಡು ಲಘು ಸೇರಿ ಒಂದು ಗುರು ಆಗುವುದರಿಂದ ಮಾತ್ರೆ ಸಮ.

ಇನ್ನು ನಿರ್ದೇಶಕರ ಮಾತು. ‘ಬೇರೆ ಯಾರೋ ಹಾಡಿದ ಹಾಗಿದೆ’ ಅಂದರಲ್ಲ, ಆ ‘ಬೇರೆ ಯಾರೋ’ ಹುಟ್ಟಿದ್ದು ಮೂರು ಜಾಗದಲ್ಲಿ: ಕವಿಯುತಿದೆ, ಅಂಗಳದಿ, ಸಖನು. ಮೂರೂ ಪದದ ತುದಿಗಳು. ಕೇಳುವವರು ಮಾತಾಡುತ್ತಿರುವವರನ್ನು ಗುರುತಿಸುವುದು ಮುಖ್ಯವಾಗಿ ಕ್ರಿಯಾಪದದ ತುದಿಯಿಂದ, ಆಮೇಲೆ ವಿಭಕ್ತಿಯಿಂದ, ಕೊನೆಗೆ ಪದದಿಂದ. ‘ಕಾರ್ಮೋಡ ಕವಿದೈತೆ’ ಅಂದರೆ ಕಾರ್ಮೋಡ ಎಂಬ ಪದ ಇದ್ದರೂ ಅವಳ ದನಿ ಪೂರ್ತಿ ಹೋಗುವುದಿಲ್ಲ. ‘ಮೋಡ ಕವಿದಿಹುದು’ ಅಂದರೆ ಮೋಡ ಎಂಬ ಸಾದಾ ಪದ ಇದ್ದರೂ ಅವಳು ಅಲ್ಲಿಲ್ಲ.

ಅಚ್ಚನುಡಿಯವರಿಗೆ ಒಂದು ಮಾತು. ಸಂಸ್ಕೃತವೋ ಕನ್ನಡವೋ ಎಂಬುದು ಬೇರೆ ಪ್ರಶ್ನೆ. ಬಾನು ಕನ್ನಡದ ಪದವೇ, ಆದರೆ ಹೊಸಿಲಲ್ಲಿ ನಿಂತ ತಾಯಿ ಬಾನು ಅನ್ನುವುದಿಲ್ಲ, ಆಕಾಶ ಅಥವಾ ಆಕಾಸ ಅನ್ನುತ್ತಾಳೆ. ಕಷ್ಟ, ಸುಖ, ಸಮಾಧಾನ ಸಂಸ್ಕೃತದಿಂದ ಬಂದವು, ಬೇಜಾರು ಪಾರ್ಸಿಯಿಂದ ಬಂದದ್ದು. ಎಲ್ಲವೂ ಅವಳ ಬಾಯಲ್ಲಿ ದಿನವೂ ಇವೆ. ಪದದ ಮೂಲ ನೋಡಿ ಆರಿಸಿದರೆ ಗ್ರಾಂಥಿಕದ ಇನ್ನೊಂದು ಬಗೆಗೆ ಹೋಗಿ ನಿಲ್ಲುತ್ತೀರಿ.

ಅಚ್ಚನುಡಿ

ಬಾನಿನ ಮಾತು ಒಪ್ಪಿದೆ. ನಾನು ಪ್ರಶ್ನೆಯನ್ನು ಬೇರೆ ರೀತಿ ಓದಿಕೊಂಡಿದ್ದೆ. ಆದರೆ ‘ಸಖನು’ ಹೋಗಲೇಬೇಕು, ಅದರಲ್ಲಿ ರಾಜಿ ಇಲ್ಲ.

ಲಘುಗುರು

ಅದರಲ್ಲಿ ನನಗೂ ರಾಜಿ ಇಲ್ಲ.

ಹೊಸಪಲ್ಲವಿ

ತುಂಬಾ ಉಪಕಾರ ಆಯ್ತು ಸರ್. ಅಕ್ಷರ ಎಣಿಸೋದು ನನಗೆ ಹೊಳೆದೇ ಇರಲಿಲ್ಲ. ಹಾಗಾದ್ರೆ ಪಲ್ಲವಿಯನ್ನ ಏರಿಸೋ ದಾರಿ ಬಿಟ್ಟುಬಿಡಲಾ? ‘ದೀಪವನ್ನು ಹಚ್ಚಿ ನಿಂತಿದ್ದೇನೆ’ ಅಂತ ಪ್ರಯತ್ನ ಮಾಡಿದ್ದೆ, ತಾಳಕ್ಕೇ ಬರಲಿಲ್ಲ.

ಲಘುಗುರು

ಬರುವುದಿಲ್ಲ, ಯಾಕೆಂದರೆ ಅದು ಪತ್ರಿಕೆಯ ಗದ್ಯ. ಗ್ರಾಂಥಿಕ ಅಂತ ಒಂದೇ ಹೆಸರಲ್ಲಿ ಕರೆಯುವುದರೊಳಗೆ ಎರಡು ಭಾಷೆ ಇವೆ. ದೀಪವನ್ನು, ಮನೆಯಲ್ಲಿ, ನಿಂತಿದ್ದೇನೆ, ಬರುತ್ತಿದೆ ಇವು ಗದ್ಯದವು. ದೀಪವನು, ಮನೆಯಲಿ, ನಿಂತಿಹೆನು, ಬರುತಿದೆ ಇವು ಹಾಡು-ಕಾವ್ಯದವು. ಯಾರೂ ಮಾತಾಡುವಾಗ ಬಳಸುವುದಿಲ್ಲ, ಪತ್ರಿಕೆಯಲ್ಲೂ ಬರೆಯುವುದಿಲ್ಲ. ಒತ್ತನ್ನು ಸಡಿಲಿಸಿ ಮಾತ್ರೆ ಕಡಿಮೆ ಮಾಡಿಕೊಂಡ ರೂಪಗಳು. ದೀಪವನ್ನು 6, ದೀಪವನು 5. ನಿಂತಿದ್ದೇನೆ 7, ನಿಂತಿಹೆನು 5.

ಪಲ್ಲವಿಯನ್ನು ಆ ಭಾಷೆಗೆ ತಂದರೆ ಹೀಗಾಗುತ್ತದೆ:

ಹಬ್ಬಕ್ಕೆ ಬರುವೆನೆಂದಿದ್ದೆಯೋ ಮಗನೆ
ಹೊಸ್ತಿಲಲಿ ನಿಂತಿಹೆನು ದೀಪವನು ಹಚ್ಚಿ

ಇದೂ 5, 5, 5, 3. ತಾಳಕ್ಕೆ ತಪ್ಪಿಲ್ಲ. ಆದರೆ ಮೊದಲ ಸಾಲನ್ನು ಕೈಯಲ್ಲಿ ತಾಳ ಹಾಕಿಕೊಂಡು ಜೋರಾಗಿ ಹೇಳಿ ನೋಡಿ. ಎರಡನೆಯ ಬಡಿತ ‘ಬರುವೆನೆಂ’ ಎಂಬಲ್ಲಿ ಮುಗಿಯುತ್ತದೆ, ಮೂರನೆಯದು ‘ದಿದ್ದೆಯೋ’ ಎಂದು ಶುರುವಾಗುತ್ತದೆ. ಸಂಧಿಯಿಂದಾಗಿ ಪದ ಗಣದ ಗೆರೆ ದಾಟಿತು. ಓದುವಾಗ ಇದು ಸೊಗಸು, ಹಾಡುವಾಗ ಉಸಿರು ತೆಗೆಯುವ ಜಾಗ ಹೋಯಿತು, ಕೇಳುವವರಿಗೆ ‘ದಿದ್ದೆಯೋ’ ಅನ್ನೋದು ಬೇರೆ ಪದವಾಗಿ ಕೇಳುತ್ತದೆ. ನಿಮ್ಮ ಮೂಲ ಸಾಲಿನಲ್ಲಿ ಹಬ್ಬಕ್ಕೆ, ಬರ್ತೀನಿ, ಅಂದಿದ್ದೆ, ನೀನು ಎಲ್ಲ ಪದವೂ ತನ್ನ ಬಡಿತದಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಇದೇ ನಿಮ್ಮ ಪಲ್ಲವಿಯ ಬಲ, ಅದನ್ನು ಕಳೆದುಕೊಳ್ಳಬೇಡಿ.

ಎರಡನೆಯ ಸಾಲಿನಲ್ಲಿ ಆ ತೊಂದರೆಯಿಲ್ಲ, ಚೆನ್ನಾಗಿದೆ ಕೂಡ. ಆದರೆ ಹೇಳುತ್ತಿರುವವಳು ಮಂಡ್ಯದ ತಾಯಿಯಲ್ಲ, ತಾಯ್ತನವನ್ನು ದೂರದಿಂದ ನೋಡಿ ಬರೆದ ಕವಿ. ಚಿತ್ರದಲ್ಲಿ ಅವಳ ತುಟಿ ಆಡುತ್ತದೋ, ಹಾಡು ಹಿನ್ನೆಲೆಯಲ್ಲಿ ಬರುತ್ತದೋ? ಅದನ್ನು ನೀವು ಹೇಳಲಿಲ್ಲ. ಹಿನ್ನೆಲೆಯಾದರೆ ಈ ದಾರಿಯೂ ತೆರೆದಿದೆ, ಆಗ ಪಲ್ಲವಿಯಿಂದಲೇ ಕವಿಯ ದನಿ ಇರಬೇಕು.

ಹೊಸಪಲ್ಲವಿ

ತುಟಿ ಆಡುತ್ತೆ ಸರ್. ಅವಳೇ ಹಾಡೋದು, ಹೊಸಿಲಲ್ಲಿ ನಿಂತು.

ಶ್ರುತಿಪೆಟ್ಟಿಗೆ

ಟ್ರ್ಯಾಕ್ ಹಾಡುವವಳ ಕಡೆಯಿಂದ ಎರಡು ಮಾತು. ಆಡುಮಾತಿನ ಒತ್ತಕ್ಷರ ಎಲ್ಲಿ ಕೂರುತ್ತೆ ಅನ್ನೋದನ್ನ ಟ್ಯೂನ್ ಜೊತೆ ಇಟ್ಟು ನೋಡಿ. ‘ಹೋಗ್ತೀನಿ’ ಅನ್ನೋ ಪದದಲ್ಲಿ ‘ಹೋ’ ಮೇಲೆ ಒಂದು ಸ್ವರ, ‘ಗ್ತೀ’ ಮೇಲೆ ಇನ್ನೊಂದು ಸ್ವರ ಇದ್ರೆ ಸಲೀಸು. ಟ್ಯೂನಲ್ಲಿ ನಡುವೆ ಇನ್ನೊಂದು ಸ್ವರ ಇದ್ರೆ ಗ್ ಅನ್ನೋ ಅರ್ಧಾಕ್ಷರದ ಮೇಲೆ ಸ್ವರ ನಿಲ್ಲಿಸೋಕೆ ಆಗಲ್ಲ. ಆಗ ಹಾಡೋರು ಗೊತ್ತಿಲ್ದೇ ಒಂದು ‘ಉ’ ಸೇರಿಸ್ತಾರೆ, ‘ಹೋಗುತೀನಿ’ ಆಗುತ್ತೆ. ಅದು ಗ್ರಾಂಥಿಕವೂ ಅಲ್ಲ, ಯಾರ ಮನೆ ಮಾತೂ ಅಲ್ಲ. ನಿಮ್ಮ ಟ್ರ್ಯಾಕಲ್ಲಿ ಈ ತರಹ ನುಸುಳಿದ ‘ಉ’ ಕೇಳಿಸಿದ್ರೆ ಹಾಡುವವರನ್ನ ತಿದ್ದಬೇಡಿ, ಆ ಜಾಗದ ಪದ ಬದಲಾಯಿಸಿ.

ಇನ್ನೊಂದು, ಮೇಲಿನ ಸ್ಥಾಯಿಯಲ್ಲಿ ಎಳೆಯೋ ಅಕ್ಷರ. ಬರ್ತೀನಿ, ಮಾಡ್ತೀನಿ ಎಲ್ಲಾ ‘ಇ’ಯಲ್ಲಿ ಮುಗಿಯುತ್ತೆ. ಎತ್ತರದಲ್ಲಿ ‘ಇ’ ಎಳೆದ್ರೆ ಗಂಟಲು ಬಿಗಿಯುತ್ತೆ, ದನಿ ಸಣ್ಣಗಾಗುತ್ತೆ. ಬರುವೆ, ಬಾರೋ, ಇಲ್ವಾ ತರಹ ‘ಎ’, ‘ಓ’, ‘ಆ’ ಇದ್ರೆ ಬಾಯಿ ತೆರೆಯುತ್ತೆ. ಸಿನಿಮಾ ಹಾಡಲ್ಲಿ ಎಲ್ಲರೂ ಆಡುಮಾತಾಡ್ತಾ ಆಡ್ತಾ ಕೊನೆಗೆ ‘ನಾ ಬರುವೆ’ ಅಂತ ನಿಲ್ಲೋಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಮೂರೇ ಮಾತ್ರೆ, ತೆರೆದ ಕೊನೆ. ನಿಮ್ಮ ಸಾಲಿನಲ್ಲಿ ‘ನಿ’ ಎಲ್ಲಾ ನಡುವೆ ಬಂದಿದೆ, ಎಳೆತ ಇರೋದು ‘ನೀನು’ ಮತ್ತು ‘ಹಚ್ಚಿ’ ಮೇಲೆ. ಹಚ್ಚಿಯ ಎಳೆತ ಯಾವ ಸ್ಥಾಯಿ ಅಂತ ನೋಡ್ಕೊಳ್ಳಿ.

ಕಡಲತಡಿ

ಇಲ್ಲಿ ಎಲ್ಲರೂ ಆಡುಮಾತು ಅಂದರೆ ‘ಬರ್ತೀನಿ’ ಅಂತಲೇ ಇಟ್ಟುಕೊಂಡು ಮಾತಾಡ್ತಾ ಇದ್ದೀರಿ. ನಮ್ಮ ಕಡೆಯದ್ದು ಹಾಗಲ್ಲ ಮಾರಾಯ್ರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಕನ್ನಡ ಮಾತಾಡಿದರೆ ಅದು ಪುಸ್ತಕಕ್ಕೆ ಹತ್ತಿರ. ಬರ್ತೇನೆ, ಮಾಡ್ತೇನೆ, ಉಂಟು, ಅವರು ಬಂದಿದ್ದಾರೆ. ನನ್ನ ಹಾಡಿನ ಹುಡುಗಿ ಉಡುಪಿಯವಳು. ಅವಳ ಬಾಯಲ್ಲಿ ‘ಬರ್ತೇನೆ’ ಬರೆದರೆ ಬೆಂಗಳೂರಿನವರು ಗ್ರಾಂಥಿಕ ಆಯ್ತು ಅಂತಾರೆ, ‘ಬರ್ತೀನಿ’ ಬರೆದರೆ ಊರಿನವರು ನಗ್ತಾರೆ. ನಾನೆಂತ ಮಾಡುವುದು?

ಲಘುಗುರು

ಬರ್ತೇನೆಯೇ ಬರೆಯಿರಿ. 5 ಮಾತ್ರೆ, ಬರ್ತೀನಿಗೂ 5, ಟ್ಯೂನಿಗೆ ವ್ಯತ್ಯಾಸವಿಲ್ಲ. ಕೊನೆ ‘ಎ’ ಆದ್ದರಿಂದ ಶ್ರುತಿಪೆಟ್ಟಿಗೆಯವರು ಹೇಳಿದ ಅನುಕೂಲವೂ ನಿಮಗೇ. ಕೇಳುವವರಿಗೆ ಗ್ರಾಂಥಿಕ ಅನಿಸದಿರಲು ಹಾಡಿನ ಮೊದಲ ಎರಡು ಸಾಲಿನಲ್ಲೇ ನಿಮ್ಮ ಕಡೆಯದು ಎಂದು ಸಾರುವ ಒಂದು ರೂಪ ಬರಲಿ, ‘ಉಂಟು’ ಅಥವಾ ‘ಎಂತ’. ಕಿವಿ ಒಮ್ಮೆ ಊರನ್ನು ಹಿಡಿದರೆ ಮುಂದಿನ ಬರ್ತೇನೆಯನ್ನು ಆ ಊರಿನದ್ದಾಗಿಯೇ ಕೇಳುತ್ತದೆ. ಆಡುಮಾತು ಅಂದರೆ ಯಾರ ಆಡುಮಾತು ಎಂಬ ನಿಮ್ಮ ಪ್ರಶ್ನೆ ಹೊಸಪಲ್ಲವಿಯವರಿಗೂ ಬೇಕು. ‘ಕವಿದೈತೆ’ ಅಂತ ಮೇಲೆ ನಾನು ಬರೆದದ್ದು ಮಂಡ್ಯದ್ದಾ?

ಮಂಡ್ಯದ ಮಾತು

ಅಲ್ಲ ಸಾ. ‘ಐತೆ’ ತುಮಕೂರು, ಚಿತ್ರದುರ್ಗ, ಬೆಂಗಳೂರು ಸುತ್ತಿನ ಹಳ್ಳಿ ಕಡೆ. ನಮ್ಮಲ್ಲಿ ‘ಅದೆ’. ಮಳೆ ಬಂದದೆ, ಮೋಡ ಕವಿದದೆ. ಸಿನಿಮಾದೋರು ಹಳ್ಳಿ ಅಂದ್ರೆ ಎಲ್ಲಾರ ಬಾಯಿಗೂ ಐತೆ ತುರುಕ್ತಾರೆ, ಅದು ನಮಗೆ ತುಂಬಾ ಬೇಸರದ ವಿಷಯ.

ಪಲ್ಲವಿಯನ್ನೂ ನೋಡಿದೆ. ‘ನಿಂತೀನಿ’ ನಮ್ಮದಲ್ಲ. ‘ನಿಂತಿವ್ನಿ’ ಅನ್ನಿ. ‘ಬರ್ತೀನಿ’ ನಮ್ಮ ಹಳ್ಳಿ ಹೆಂಗಸರ ಬಾಯಲ್ಲಿ ‘ಬತ್ತೀನಿ’. ‘ಹೊಸಿಲಲ್ಲಿ’ಗೆ ‘ಹೊಸ್ಲಲ್ಲಿ’. ‘ಕೊಂಡು’ ಅನ್ನೋದು ‘ಕಂಡು’ ಆಗುತ್ತೆ, ನೋಡ್ಕಂಡು, ಮಾಡ್ಕಂಡು. ಮಾತ್ರೆ ಲೆಕ್ಕ ನೀವೇ ಹಾಕ್ಕೊಳ್ಳಿ, ನನಗೆ ಅದು ಬರಲ್ಲ.

ಇನ್ನೊಂದು ಮುಖ್ಯವಾದ್ದು. ಮಂಡ್ಯ ಅಂದ ತಕ್ಷಣ ಸಾಲಿಗೊಂದು ‘ಕಣ್ಲಾ’, ‘ಕನ’ ಹಾಕಬೇಡಿ. ಕಾಯ್ತಾ ಕೂತ ತಾಯಿ ಒಬ್ಬಳೇ ಇದ್ದಾಗ ಕಣ್ಲಾ ಅಂತಾ ಕೂರಲ್ಲ, ಎದುರಿಗೆ ಮಗ ಇದ್ರೆ ಅಂತಾಳೆ. ಜಾಸ್ತಿ ಆದ್ರೆ ಅದು ಮಿಮಿಕ್ರಿ ಆಗೋಯ್ತದೆ. ಹೆಂಗಸಿನ ದುಃಖ ಕೇಳೋದಿಲ್ಲ, ಭಾಷೆ ಮಾತ್ರ ಕೇಳ್ತದೆ.

ಲಘುಗುರು

ಲೆಕ್ಕ ನಾನು ಹಾಕುತ್ತೇನೆ. ನಿಂತೀನಿ 5, ನಿಂತಿವ್ನಿ 5. ಬರ್ತೀನಿ 5, ಬತ್ತೀನಿ 5. ಹೊಸಿಲಲ್ಲಿ 5, ಹೊಸ್ಲಲ್ಲಿ 5. ಮೂರನೆಯದು ಮೇಲಿನ ನಿಯಮವೇ, ‘ಸಿ’ಯ ಸ್ವರ ಬಿತ್ತು, ‘ಹೊ’ ಗುರುವಾಯಿತು. ಮೂರು ಪದ ಬದಲಾದರೂ ಟ್ಯೂನ್ ಒಂದು ಎಳೆಯೂ ಅಲುಗಲಿಲ್ಲ. ‘ಕವಿದೈತೆ’ 5, ‘ಕವಿದದೆ’ 4. ಅಲ್ಲಿ ಮಾತ್ರ ಒಂದು ಮಾತ್ರೆ ಕೊರತೆ, ಅದಕ್ಕೆ ದಾರಿ ಹುಡುಕಬೇಕು.

ಹಳೇ ಓದುಗ

ಲಘುಗುರು ಅವರ ಮಾತಿಗೆ ಎರಡು ತಕರಾರು.

‘ಹೊಸ್ಲಲ್ಲಿ’ಯಲ್ಲಿ ‘ಹೊ’ ಗುರು ಎಂದು ಎಣಿಸಿದ್ದೀರಿ. ಸ್ವರ ಬಿದ್ದು ಹುಟ್ಟಿದ ಒತ್ತಕ್ಷರ ಯಾವಾಗಲೂ ಹಿಂದಿನದನ್ನು ಗುರು ಮಾಡಲೇಬೇಕು ಎಂದಿಲ್ಲ. ಹಳಗನ್ನಡದ ಛಂದಸ್ಸಿನಲ್ಲಿ ಶಿಥಿಲದ್ವಿತ್ವ ಎಂಬುದಿದೆ, ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಅದನ್ನು ಹೇಳಿದ್ದಾನೆ. ತೇಲಿಸಿ ಉಚ್ಚರಿಸುವ ಒತ್ತು, ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಬಾಯಿ ಹೇಗೆ ಆಡುತ್ತದೋ ಹಾಗೆ ಎಣಿಸಬೇಕು, ಬರೆದದ್ದನ್ನು ನೋಡಿ ಎಣಿಸಿದರೆ ಮೋಸ ಹೋಗುತ್ತೀರಿ.

ಎರಡನೆಯದು, ಒಂದು ಹಾಡಿನಲ್ಲಿ ಒಂದೇ ದನಿ ಎಂಬ ಹಟ. ‘ಬೆಳಗಾಗಿ ನಾನೆದ್ದು’ ಎಂಬ ತ್ರಿಪದಿ ಎಲ್ಲರಿಗೂ ಗೊತ್ತು. ಅದರಲ್ಲಿ ‘ನೆನೆಯಲಿ’ ಇದೆ, ಅದರ ಬೆನ್ನಿಗೇ ‘ಬೆಳೆಯೋಳ’ ಇದೆ. ಒಂದು ಬರಹದ ರೂಪ, ಇನ್ನೊಂದು ಬಾಯಿಮಾತಿನ ರೂಪ. ಬೀಸುಕಲ್ಲಿನ ಮುಂದೆ ಕೂತ ಗರತಿ ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಿದ್ದಾಳೆ, ಯಾರ ಕಿವಿಗೂ ಅದು ಒಡೆದಿಲ್ಲ. ಜಾನಪದ ಅಂದರೆ ಅಚ್ಚ ಆಡುಮಾತು ಎಂಬುದು ನಗರದವರ ಕಲ್ಪನೆ. ಹಾಡಿಗೆ ಅದರದ್ದೇ ಒಂದು ಭಾಷೆ ಇರುತ್ತದೆ. ಪಲ್ಲವಿಯಲ್ಲಿ ತಾಯಿ ಮಗನ ಜೊತೆ ಮಾತಾಡುತ್ತಾಳೆ, ಚರಣದಲ್ಲಿ ತನ್ನೊಳಗೆ ತಾನು ಯೋಚಿಸುತ್ತಾಳೆ. ಆಗ ಭಾಷೆ ಏರಿದರೆ ತಪ್ಪೇನು?

ಲಘುಗುರು

ಶಿಥಿಲದ್ವಿತ್ವದ ಮಾತು ನಿಜ. ‘ಹೊಸ್ಲಲ್ಲಿ’ಯನ್ನು ಆ ತಾಯಿ ಹೇಗೆ ಹೇಳುತ್ತಾಳೆ ಎಂಬುದನ್ನು ಮಂಡ್ಯದವರ ಬಾಯಲ್ಲಿ ಕೇಳಿಯೇ ತೀರ್ಮಾನಿಸಬೇಕು. ‘ಹೊ’ ಮೇಲೆ ನಿಂತರೆ 5, ತೇಲಿಸಿ ಹೋದರೆ 4.

ತ್ರಿಪದಿಯದ್ದು ಒಳ್ಳೆಯ ಉದಾಹರಣೆ. ಆದರೆ ಅಲ್ಲಿನ ‘ನೆನೆಯಲಿ’ ‘ಯಾರನ್ನು ನೆನೆಯಲಿ’ ಎಂಬ ಪ್ರಶ್ನೆಯ ರೂಪ. ‘ಏನು ಮಾಡಲಿ, ಎಲ್ಲಿ ಹೋಗಲಿ’ ಅಂತ ಇವತ್ತೂ ಮನೆಯಲ್ಲಿ ಆಡುತ್ತೇವೆ. ಎರಡೂ ಕಡೆ ನಡೆಯುವ ರೂಪ ಅದು. ಇಂಥವು ಕನ್ನಡದಲ್ಲಿ ಬೇಕಾದಷ್ಟಿವೆ: ಬಾ, ನೋಡು, ಬೇಕು, ಬೇಡ, ಸಾಕು, ಇಲ್ಲ, ನಾನು ಬಂದೆ, ನೀನು ಕೇಳಿದೆ, ನೋಡಿ, ಕೂತು, ಹಚ್ಚಿ. ಬರಹದಲ್ಲೂ ಬಾಯಲ್ಲೂ ಒಂದೇ. ಚರಣದಲ್ಲಿ ಭಾಷೆ ಏರಿಸಬೇಕೆಂದರೆ ಕ್ರಿಯಾಪದವನ್ನೆಲ್ಲ ಈ ಗುಂಪಿನಿಂದ ತೆಗೆದುಕೊಳ್ಳಿ, ಆಗ ಕಾರ್ಮೋಡ ಬಂದರೂ ದನಿ ಒಡೆಯುವುದಿಲ್ಲ. ‘ಕವಿಯುತಿದೆ’ ಒಂದು ಬದಿಗೆ ಮಾತ್ರ ಸೇರಿದ್ದು, ಅದಕ್ಕೇ ಅಲ್ಲಿ ಬಿರುಕು ಬಿಟ್ಟಿತು.

ಹಳೇ ಓದುಗ

‘ಬೆಳೆಯೋಳ’ ಆ ಗುಂಪಿಗೆ ಸೇರುವುದಿಲ್ಲವಲ್ಲ. ಹಾಡುವ ಪರಂಪರೆಯೊಳಗೆ ಬೆಳೆದ ಕಿವಿಗೆ ಬೆರಕೆ ಕೇಡಲ್ಲ ಎಂಬ ನನ್ನ ಮಾತು ಹಾಗೇ ಇದೆ. ಸಿನಿಮಾದಲ್ಲಿ ಮುಖ ಕಾಣುವುದರಿಂದ ಕಿವಿ ಬೇರೆ ಥರ ಕೇಳುತ್ತದೆ ಎಂದರೆ ಒಪ್ಪುತ್ತೇನೆ.

ಕೀಬೋರ್ಡ್ ಕಟ್ಟೆ

ಒಂದು ಡೌಟು. ಮಂಡ್ಯದ ತಾಯಿ ಅಂದ್ರೆ ‘ಹಬ್ಬ’ ಅಲ್ಲ, ‘ಅಬ್ಬ’ ಅನ್ಬೇಕಲ್ವಾ? ‘ಹಚ್ಚಿ’ ಬದಲು ‘ಅಚ್ಚಿ’?

ಮಂಡ್ಯದ ಮಾತು

ಕೆಲವರು ಅಂತಾರೆ, ಕೆಲವರು ಅನ್ನಲ್ಲ. ಒಂದೇ ಮನೇಲೇ ಅತ್ತೆ ಅಬ್ಬ ಅಂತಾಳೆ, ಸೊಸೆ ಹಬ್ಬ ಅಂತಾಳೆ.

ಲಘುಗುರು

ಹಕಾರ ಬಿಡುವುದಾದರೆ ಇಡೀ ಹಾಡಿನಲ್ಲಿ ಬಿಡಬೇಕು, ಇಡುವುದಾದರೆ ಎಲ್ಲ ಕಡೆ ಇಡಬೇಕು. ರಾಜರತ್ನಂ ಅವರು ‘ಯೆಂಡ್ಕುಡ್ಕ ರತ್ನ’ ಎಂದು ಹೆಸರಿನಲ್ಲೇ ಹೆಂಡವನ್ನು ಯೆಂಡ ಮಾಡಿ, ಇವನ ಬಾಯಿ ಹೀಗೆ ಎಂದು ಮೊದಲೇ ಹೇಳಿಬಿಟ್ಟರು. ನಿಮ್ಮದು ನಾಲ್ಕು ಸಾಲಿನ ಹಾಡು, ಮೊದಲ ಪದವೇ ‘ಅಬ್ಬಕ್ಕೆ’ ಆದರೆ ಹೊರಗಿನವರಿಗೆ ಹಬ್ಬ ಎಂದು ಹೊಳೆಯುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ‘ಅಚ್ಚಿ’ಯಂತೂ ಅರ್ಥವೇ ಆಗುವುದಿಲ್ಲ. ಹಕಾರ ಇಟ್ಟುಕೊಳ್ಳಿ. ಊರನ್ನು ತೋರಿಸುವ ಕೆಲಸವನ್ನು ‘ಬತ್ತೀನಿ’, ‘ನಿಂತಿವ್ನಿ’ ಮಾಡಿಬಿಡುತ್ತವೆ.

ಹೊಸಪಲ್ಲವಿ

ಎಲ್ಲರೂ ಹೇಳಿದ್ದನ್ನ ಇಟ್ಕೊಂಡು ಚರಣ ಮತ್ತೆ ಬರೆದೆ. ಮೊದಲ ಪ್ರಯತ್ನ:

ಮೋಡಾನು ಕವಿದೈತೆ ಮಳೆ ಬರೋ ಹಂಗೆ
ನೀನಿಲ್ದ ಮನೆಯಾಗೆ ಗಡಿಯಾರ ಸದ್ದು

ಐತೆ ಬೇಡ ಅಂತ ಗೊತ್ತು, ಆದರೆ ಅದೇ ಬಡಿತಕ್ಕೆ ಬೇರೆ ಸಿಕ್ಕಲಿಲ್ಲ. ಸಖ ಹೋಗಿ ಗಡಿಯಾರ ಬಂತು. ಮೌನ ಅಂತ ಹೇಳೋ ಬದಲು ಗಡಿಯಾರದ ಸದ್ದು ಕೇಳೋವಷ್ಟು ಸುಮ್ಮನಿದೆ ಮನೆ ಅನ್ನೋ ಅರ್ಥ.

ಮಂಡ್ಯದ ಮಾತು

ಗಡಿಯಾರ ಬಾಳ ಚೆನ್ನಾಗದೆ. ಆದ್ರೆ ‘ಮನೆಯಾಗೆ’ ಮತ್ತೆ ಚಿತ್ರದುರ್ಗಕ್ಕೆ ಹೋಯ್ತು. ನಮ್ಮದು ‘ಮನೇಲಿ’.

ಲಘುಗುರು

ಮನೆಯಾಗೆ 5, ಮನೇಲಿ 4. ‘ಮನೇಲೀ’ ಎಂದು ಕೊನೆಯನ್ನು ಎಳೆದು 5 ಮಾಡಬಹುದು, ಹಾಡಿನಲ್ಲಿ ಅದು ನಡೆಯುತ್ತದೆ. ಆದರೆ ನಿಮ್ಮ ಟ್ಯೂನಲ್ಲಿ ಆ ಗಣದ ಕೊನೆ ಗಿಡ್ಡ ಸ್ವರ, ಎಳೆದರೆ ಮುಂದಿನ ಬಡಿತಕ್ಕೆ ಒರಗುತ್ತದೆ. ವಿಭಕ್ತಿ ಊರು ಹೇಳಿಬಿಡುತ್ತಿದ್ದರೆ ವಿಭಕ್ತಿಯೇ ಇಲ್ಲದ ಹಾಗೆ ವಾಕ್ಯ ತಿರುಗಿಸಿ. ‘ಮನೆಯೆಲ್ಲ’ ಅನ್ನಿ, 5 ಮಾತ್ರೆ, ಎಲ್ಲ ಊರಿನದ್ದೂ ಹೌದು. ಆಗ ‘ನೀನಿಲ್ದ’ ಬದಲು ‘ನೀನಿಲ್ದೆ’ ಆಗಬೇಕು, ಅದೂ 5.

‘ಗಡಿಯಾರ ಸದ್ದು’ ಕಿವಿಗೆ ಅರ್ಧ ಕೇಳುತ್ತದೆ, ‘ಗಡಿಯಾರದ’ ಬೇಕು ಅನಿಸುತ್ತದೆ. ಗಡಿಯಾರದ 6. ಇಲ್ಲಿ ಮೇಲಿನ ನಿಯಮದ ನಷ್ಟವನ್ನೇ ಲಾಭ ಮಾಡಿಕೊಳ್ಳಿ: ‘ಯಾ’ ಮೊದಲೇ ಗುರು, ಹಾಗಾಗಿ ‘ಗಡಿಯಾರ್ದ’ ಅಂದರೆ ಒಂದು ಮಾತ್ರೆ ಕಡಿಮೆಯಾಗಿ ಸರಿಯಾಗಿ 5.

‘ಕವಿದೈತೆ’ ಜಾಗಕ್ಕೆ ಮುಗಿದ ಕ್ರಿಯಾಪದವೇ ಬೇಕೆಂದಿಲ್ಲ. ಮಂಡ್ಯದವರು ‘ಕಂಡು’ ಹೇಳಿಕೊಟ್ಟಿದ್ದಾರೆ. ‘ಕವಕಂಡು’, 5 ಮಾತ್ರೆ. ವಾಕ್ಯ ಮುಗಿಯದೆ ತೂಗಾಡಲಿ, ಅವಳೂ ಹಾಗೇ ಕಾಯುತ್ತಿದ್ದಾಳೆ.

ಹೊಸಪಲ್ಲವಿ

ಹಾಗಾದರೆ ಹೀಗೆ:

ಹಬ್ಬಕ್ಕೆ ಬತ್ತೀನಿ ಅಂದಿದ್ದೆ ನೀನು
ಹೊಸ್ಲಲ್ಲಿ ನಿಂತಿವ್ನಿ ದೀಪಾನ ಹಚ್ಚಿ

ಮೋಡಾನು ಕವಕಂಡು ಮಳೆ ಬರೋ ಹಂಗೆ
ನೀನಿಲ್ದೆ ಮನೆಯೆಲ್ಲ ಗಡಿಯಾರ್ದ ಸದ್ದು

ಚರಣದ ಮೊದಲ ಸಾಲು 14 ಅಕ್ಷರದಿಂದ 13ಕ್ಕೆ ಇಳಿದಿದೆ. ಎರಡನೆಯದೂ 13.

ಶ್ರುತಿಪೆಟ್ಟಿಗೆ

ಹಾಡಿ ನೋಡಿದೆ. ‘ಮಳೆ ಬರೋ’ ಜಾಗದಲ್ಲಿ ಮಾತ್ರ ಟ್ಯೂನಿನ ಎರಡು ಉದ್ದ ಸ್ವರ ಸಿಗ್ತಿಲ್ಲ, ಉದ್ದ ಕೊನೆಗೆ ಹೋಗಿದೆ. ತಾಳ ತಪ್ಪಲ್ಲ, ಆದ್ರೆ ನಿರ್ದೇಶಕರು ಅಲ್ಲಿ ಒಂದು ಸ್ವರ ಬದಲಿಸಬೇಕಾಗುತ್ತೆ, ಕೇಳಿ ನೋಡಿ. ‘ಸದ್ದು’ ಮೇಲೆ ಎಳೆತ ಕೆಳಗಿನ ಸ್ಥಾಯಿಯಲ್ಲಿದ್ರೆ ಚೆನ್ನಾಗಿದೆ, ಮೇಲಾದ್ರೆ ‘ಉ’ ಮುಚ್ಚಿಕೊಳ್ಳುತ್ತೆ.

ಕಡಲತಡಿ

ಒಂದು ಕೇಳ್ತೇನೆ. ‘ಬತ್ತೀನಿ’ ಅನ್ನೋದು ತಾಯಿಯ ಮಾತಲ್ಲ ಅಲ್ವಾ? ಮಗ ಹೇಳಿದ್ದು. ಮಗ ಬೆಂಗಳೂರಿನಲ್ಲಿ ಇರುವವ, ಫೋನಲ್ಲಿ ‘ಬರ್ತೀನಿ’ ಅಂತಲೇ ಹೇಳಿರ್ತಾನೆ.

ಮಂಡ್ಯದ ಮಾತು

ಹೇಳಿದ್ದು ಅವನಾದ್ರೂ ಈಗ ಹೇಳ್ತಾ ಇರೋದು ಅವಳು. ಅವಳ ಬಾಯಿಗೆ ಬಂದ್ಮೇಲೆ ಬತ್ತೀನಿನೇ.

ಹಳೇ ಓದುಗ

ನನಗೆ ಕಡಲತಡಿಯವರ ಓದು ಹಿಡಿಸಿತು. ಇಡೀ ಹಾಡಿನಲ್ಲಿ ಆ ಒಂದು ಪದ ಮಾತ್ರ ಊರಿನದ್ದಲ್ಲ ಅಂದರೆ, ಮಗ ಎಷ್ಟು ದೂರ ಹೋಗಿದ್ದಾನೆ ಎಂಬುದು ಅಲ್ಲೇ ಕೇಳುತ್ತದೆ. ಅವಳು ಅವನ ದನಿಯನ್ನು ಹಾಗೆಯೇ ಎತ್ತಿಟ್ಟುಕೊಂಡಿದ್ದಾಳೆ.

ಲಘುಗುರು

ಎರಡಕ್ಕೂ 5 ಮಾತ್ರೆ, ಎರಡಕ್ಕೂ ಮೂರು ಅಕ್ಷರ. ಇಲ್ಲಿ ಛಂದಸ್ಸು ಏನೂ ಹೇಳುವುದಿಲ್ಲ. ಹಳೇ ಓದುಗರು ಹೇಳಿದ್ದು ಸೂಕ್ಷ್ಮವಾಗಿದೆ, ಆದರೆ ಕೇಳುವವರು ಮೊದಲ ಸಾಲಿನಲ್ಲಿ ಅವಳ ಊರನ್ನು ಇನ್ನೂ ಹಿಡಿದಿರುವುದಿಲ್ಲ. ‘ನಿಂತಿವ್ನಿ’ ಬರುವುದು ಎರಡನೆಯ ಸಾಲಿನಲ್ಲಿ. ಪಲ್ಲವಿ ಎರಡನೆಯ ಸಲ ಬಂದಾಗ ಮಾತ್ರ ಆ ‘ಬರ್ತೀನಿ’ ಬೇರೆಯದು ಅಂತ ಗೊತ್ತಾಗುತ್ತದೆ.

ಹೊಸಪಲ್ಲವಿ

ನಾಳಿದ್ದು ಟ್ರ್ಯಾಕ್ ಇದೆ. ಎರಡನ್ನೂ ಹಾಡಿಸಿ ರೆಕಾರ್ಡ್ ಮಾಡ್ಕೊಂಡು ಬರ್ತೀನಿ. ‘ಹೊಸ್ಲಲ್ಲಿ’ಯನ್ನೂ ಮಂಡ್ಯದ ಮಾತು ಅವರು ಒಂದು ಸಲ ಹೇಳಿ ಧ್ವನಿ ಕಳಿಸಿದ್ರೆ ಉಪಕಾರ ಆಗುತ್ತೆ, ‘ಹೊ’ ಮೇಲೆ ನಿಲ್ತೀರೋ ಇಲ್ವೋ ನೋಡ್ಬೇಕು.